ಮಚ್ಚೆ ಬದಲಾಗ್ತಿದೆಯಾ, ಇಲ್ಲಾ ಫೋಟೋ ಬದಲಾಗ್ತಿದೆಯಾ?

ಚರ್ಮದ ಡಾಕ್ಟರಾಗಿ ನಾನು ಈಗೀಗ ಜಾಸ್ತಿ ನೋಡ್ತಿರೋ ಒಂದು ವಿಷಯ ಅಂದ್ರೆ, ಪೇಷೆಂಟ್ ಬಂದು ಕೂತ ಮೇಲೆ ಮೊದಲು ಮೈಮೇಲಿನ ಮಚ್ಚೆ ತೋರಿಸಲ್ಲ, ಫೋನ್ ಗ್ಯಾಲರಿ ತೆಗೀತಾರೆ. ಒಂದೇ ಮಚ್ಚೆಯ ಫೋಟೋ, ನೂರಾರು. ಇದು ಕ್ಯಾನ್ಸರ್ ಇರಬಹುದಾ ಅನ್ನೋ ಅವರ ಭಯ ಸುಳ್ಳಲ್ಲ, ರಾತ್ರಿ ನಿದ್ದೆ ಬಿಟ್ಟು ಒದ್ದಾಡಿರೋದು ಮುಖದಲ್ಲೇ ಕಾಣುತ್ತೆ. ಅದಕ್ಕೇ ಈ ಬಗ್ಗೆ ಸ್ವಲ್ಪ ಬಿಡಿಸಿ ಬರೀಬೇಕು ಅನ್ನಿಸ್ತು.

ಒಬ್ಬ ಹುಡುಗನ ವಿಷಯ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೀನಿ. ಎಡ ಮುಂಗೈ ಮೇಲೆ ಸುಮಾರು ನಾಲ್ಕು ಮಿಲಿಮೀಟರಿನ ಕಂದು ಮಚ್ಚೆ. ಡರ್ಮೋಸ್ಕೋಪ್ ಇಟ್ಟು ನೋಡಿದೆ, ಅಂದ್ರೆ ಬೆಳಕಿರೋ ಭೂತಗನ್ನಡಿ ಥರದ ಸಾಧನ, ಚರ್ಮದ ಮೇಲಿನ ಹೊಳಪನ್ನ ಕಳೆದು ಒಳಗಿನ ಬಣ್ಣದ ವಿನ್ಯಾಸ ತೋರಿಸುತ್ತೆ. ಎಲ್ಲಾ ಕಡೆ ಒಂದೇ ಸಮ ಇರೋ ಕಂದು ಬಲೆ, ಅಂಚಿಗೆ ಬರ್ತಾ ನಿಧಾನಕ್ಕೆ ತೆಳುವಾಗೋದು, ಮಾಮೂಲಿ ಮಚ್ಚೆ. ಹೇಳಿದೆ. ಅವನು ಒಪ್ಪಲಿಲ್ಲ, "ಡಾಕ್ಟ್ರೇ, ಈ ಎರಡು ಫೋಟೋ ನೋಡಿ, ಮೂರೇ ದಿನಕ್ಕೆ ಹೀಗಾಗಿದೆ" ಅಂದ. ನಿಜವಾಗ್ಲೂ ಎರಡನೇದ್ರಲ್ಲಿ ಅಂಚು ಹರಿದ ಹಾಗಿತ್ತು, ಮಧ್ಯ ನೀಲಿಗಪ್ಪು, ಸುತ್ತ ಕೆಂಪು.

ಆಗ ಅವನ ಫೋನಲ್ಲೇ, ಅಲ್ಲೇ, ಎರಡು ನಿಮಿಷದೊಳಗೆ ಮೂರು ಫೋಟೋ ತೆಗೆದೆ. ಟ್ಯೂಬ್‌ಲೈಟ್ ಕೆಳಗೆ ಒಂದು, ಫ್ಲ್ಯಾಶ್ ಹಾಕಿ ಒಂದು, ತೀರಾ ಹತ್ರ ಹಿಡಿದು ಝೂಮ್ ಮಾಡಿ ಒಂದು. ಮೂರೂ ಬೇರೆ ಬೇರೆ ಮಚ್ಚೆ ಅನ್ನೋ ಹಾಗೆ ಬಂದ್ವು. ಯಾಕಂದ್ರೆ ಫೋನ್ ಇದ್ದಿದ್ದನ್ನ ಇದ್ದ ಹಾಗೆ ತೆಗೆಯಲ್ಲ. ಹತ್ರ ಹೋದಷ್ಟೂ ಫ್ರೇಮ್ ತುಂಬಾ ಕಪ್ಪೇ ತುಂಬ್ಕೊಳ್ಳುತ್ತೆ, ಕ್ಯಾಮೆರಾ ಬೆಳಕು ಕಮ್ಮಿ ಅಂದ್ಕೊಂಡು ಎಲ್ಲಾನೂ ಬೆಳ್ಳಗೆ ಮಾಡುತ್ತೆ, ಹಾಗಾಗಿ ಸುತ್ತಲಿನ ಚರ್ಮ ಪೇಲವವಾಗಿ ಸಣ್ಣ ಕೆಂಪೂ ಎದ್ದು ಕಾಣುತ್ತೆ. ಹಳದಿ ಬಲ್ಬಿಗೂ ಕಿಟಕಿ ಬೆಳಕಿಗೂ ಬಣ್ಣ ತಾನೇ ತಿದ್ದುತ್ತೆ. ಲೆನ್ಸ್ ಫೋಕಸ್ ಆಗೋದಕ್ಕಿಂತ ಹತ್ರ ಹಿಡಿದ್ರೆ ಮಸುಕಾಗಿದ್ದನ್ನ ಸಾಫ್ಟ್‌ವೇರ್ ಚೂಪು ಮಾಡೋಕೆ ಹೋಗಿ ನುಣ್ಣಗಿರೋ ಅಂಚನ್ನೂ ಗರಗಸದ ಹಾಗೆ ಮಾಡಬಹುದು. ಕೈ ಸ್ವಲ್ಪ ತಿರುಗಿಸಿದ್ರೂ ಚರ್ಮ ಎಳೆದು ದುಂಡಗಿರೋದು ಉದ್ದ ಆಗುತ್ತೆ. ಇಷ್ಟೆಲ್ಲಾ ಸೇರಿ "ಬದಲಾಗ್ತಿದೆ" ಅನ್ನೋ ಸಾಕ್ಷಿ ತಯಾರಾಗುತ್ತೆ, ಮಚ್ಚೆ ಮಾತ್ರ ಅದೇ ಇರುತ್ತೆ.

ಫೋಟೋ ಒಂದೇ ಅಲ್ಲ, ಚರ್ಮವನ್ನೂ ಕೈ ಬದಲಾಯಿಸುತ್ತೆ. ದಿನಾ ಒತ್ತಿ, ಎಳೆದು, ಉಗುರಲ್ಲಿ ಕೆರೆದು ನೋಡಿದ್ರೆ ಸುತ್ತ ಕೆಂಪಾಗುತ್ತೆ, ಉರಿಯುತ್ತೆ, ಒಂದಿನ ರಕ್ತಾನೂ ಬರುತ್ತೆ, ಆಮೇಲೆ "ಮಚ್ಚೆಯಲ್ಲಿ ರಕ್ತ" ಅಂತ ಸರ್ಚ್ ಶುರು. ಆ ಸರ್ಚಿನಲ್ಲಿ ಬರೋ ಚಿತ್ರಗಳು ಹೆಚ್ಚಾಗಿ ಪಾಠಕ್ಕೆ ಅಂತ ಆರಿಸಿದ, ಎದ್ದು ಕಾಣೋ ಕೇಸುಗಳು, ಅದರಲ್ಲೂ ಬಿಳಿ ಚರ್ಮದವೇ ಜಾಸ್ತಿ. ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮ, ಅಂದ್ರೆ ಮಚ್ಚೆ ಥರ ಕಾಣೋ ಚರ್ಮದ ಕ್ಯಾನ್ಸರ್, ಅಪರೂಪ, ಬಂದ್ರೂ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಮುಂಗೈಯನ್ನ ನೂರು ಸಲ ನೋಡ್ಕೊಂಡೋರು ಅಂಗಾಲು ಒಂದು ಸಲಾನೂ ನೋಡಿರಲ್ಲ.

ಇನ್ನೊಂದು, ಹೆಚ್ಚು ನೋಡಿದಷ್ಟೂ ಗ್ಯಾರಂಟಿ ಹೆಚ್ಚಾಗುತ್ತೆ ಅಂದ್ಕೋತೀವಲ್ಲ, ಅದು ಉಲ್ಟಾ. 2003ರಲ್ಲಿ ವಾನ್ ಡೆನ್ ಹೌಟ್ ಮತ್ತು ಕಿಂಟ್ ಅನ್ನೋ ಡಚ್ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದ್ರು. ಕಂಪ್ಯೂಟರಿನಲ್ಲಿ ತೋರಿಸಿದ ಗ್ಯಾಸ್ ಸ್ಟವ್ ಆಫ್ ಆಗಿದೆಯಾ ಅಂತ ಆರೋಗ್ಯವಂತರಿಂದಲೇ ಮತ್ತೆ ಮತ್ತೆ ಚೆಕ್ ಮಾಡಿಸಿದ್ರು. ನೆನಪು ತಪ್ಪಾಗಲಿಲ್ಲ, ಆದ್ರೆ ಆ ನೆನಪಿನ ಮೇಲಿನ ನಂಬಿಕೆ, ಅದರ ಸ್ಪಷ್ಟತೆ ಇಳೀತು. ಮಚ್ಚೆ ವಿಷಯದಲ್ಲೂ ನಾನು ನೋಡೋದು ಇದನ್ನೇ, ಹತ್ತನೇ ಸಲ ನೋಡಿದವರಿಗೆ ಮೊದಲನೇ ಸಲಕ್ಕಿಂತ ಅನುಮಾನ ಜಾಸ್ತಿ.

ಹಾಗಾದ್ರೆ ಎಷ್ಟು ನೋಡಿದ್ರೆ ಅತಿ? ನಾನು ಲೆಕ್ಕ ಕೇಳಲ್ಲ, ನೋಡಿದ ಮೇಲಿನ ಸಮಾಧಾನ ಎಷ್ಟು ಹೊತ್ತು ಇತ್ತು ಅಂತ ಕೇಳ್ತೀನಿ. ತಿಂಗಳಿಗೊಮ್ಮೆ ಮೈ ನೋಡ್ಕೊಂಡು, ಎಲ್ಲಾ ಸರಿ ಇದೆ ಅಂತ ಬೇರೆ ಕೆಲಸಕ್ಕೆ ಹೋದ್ರೆ ಅದು ಎಚ್ಚರಿಕೆ. ನೋಡಿ ಅರ್ಧ ಗಂಟೆಗೆ ಮತ್ತೆ ತೋಳು ಮೇಲೆತ್ತೋ ಹಾಗಾದ್ರೆ, ಡಾಕ್ಟರ್ ಹೇಳಿದ ಸಂಜೇನೇ "ಅವರು ಸರಿಯಾಗಿ ನೋಡಿದ್ರೋ ಇಲ್ವೋ" ಅಂತ ಇನ್ನೊಬ್ಬ ಡಾಕ್ಟರನ್ನ ಹುಡುಕಿದ್ರೆ, ಒಂದು ಮಚ್ಚೆ ಬಗ್ಗೆ ಧೈರ್ಯ ಬಂದ ತಕ್ಷಣ ಭಯ ಇನ್ನೊಂದು ಕಲೆಗೆ ಹಾರಿದ್ರೆ, ಆಗ ಚೆಕ್ ಮಾಡೋದೇ ಕಾಯಿಲೆಯಾಗ್ತಿದೆ. ಇದಕ್ಕೆ ಉಲ್ಟಾ ರೂಪಾನೂ ಇದೆ, ಕನ್ನಡಿ ನೋಡದೆ, ತುಂಬು ತೋಳು ಹಾಕ್ಕೊಂಡು, ಡಾಕ್ಟರ್ ಹತ್ರ ಹೋಗೋಕೇ ಹೆದರೋದು. ಎರಡೂ ಒಂದೇ ಆತಂಕ. ಆರು ತಿಂಗಳು ಹೀಗೇ ನಡೆದ್ರೆ ಮನೋವೈದ್ಯರು ಇದಕ್ಕೆ ಹೆಸರು ಕೊಟ್ಟು ಚಿಕಿತ್ಸೆ ಮಾಡ್ತಾರೆ, ಆದ್ರೆ ನಿದ್ದೆ, ಕೆಲಸ ಕೆಡ್ತಿದ್ರೆ ಅಲ್ಲೀತನಕ ಕಾಯೋದು ಬೇಡ.

ಆ ಹುಡುಗನಿಗೆ ಕೊಟ್ಟ ಕ್ರಮ ಇದು. ಒಂದೇ ಫೋಟೋ, ಹಗಲಿನ ಕಿಟಕಿ ಬೆಳಕಲ್ಲಿ, ಒಂದು ಗೇಣು ದೂರದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಫ್ಲ್ಯಾಶೂ ಇಲ್ಲ ಝೂಮೂ ಇಲ್ಲ. ಉಳಿದಿದ್ದೆಲ್ಲಾ ಡಿಲೀಟ್. ತಿಂಗಳಿಗೆ ಒಂದೇ ದಿನ ಅದೇ ಥರ ಇನ್ನೊಂದು, ಹೋಲಿಸೋದು ಮೊದಲನೇ ಫೋಟೋ ಜೊತೆ ಮಾತ್ರ. ಮಧ್ಯೆ ನೋಡಬೇಕು ಅನ್ನಿಸಿದ್ರೆ ಟೈಮ್ ಬರೆದಿಟ್ಟು ಹದಿನೈದು ನಿಮಿಷ ತಡೀಬೇಕು, ಆಮೇಲೆ ಅರ್ಧ ಗಂಟೆ, ಹೀಗೆ ಹೆಚ್ಚಿಸ್ತಾ ಹೋಗೋದು. ಆ ತುಡಿತ ಏರುತ್ತೆ, ನೋಡದೇ ಇದ್ರೂ ಇಳಿಯುತ್ತೆ, ಇದನ್ನ ಅವನು ಮೈಮೇಲೇ ಕಂಡುಕೊಳ್ಳಬೇಕಿತ್ತು. ಮೊದಲ ವಾರ ತುಂಬಾ ಕಷ್ಟಪಟ್ಟ, ಫೋಟೋ ಬಿಟ್ಟು ಅವರಮ್ಮನ ಹತ್ರ "ಅಮ್ಮಾ, ಹಾಗೇ ಇದೆಯಾ ನೋಡು" ಅಂತ ಶುರು ಮಾಡಿದ. ಅದೂ ಚೆಕ್ ಮಾಡೋದೇ. ಅವರಮ್ಮನಿಗೆ ಹೇಳಿಕೊಟ್ಟೆ, ಬೈಬೇಡಿ, ಉತ್ತರಾನೂ ಕೊಡಬೇಡಿ, "ಭಯ ಆಗ್ತಿದೆ ಅಲ್ವಾ, ಹದಿನೈದು ನಿಮಿಷ ನನ್ ಜೊತೆ ಕೂತ್ಕೋ" ಅನ್ನಿ ಅಂತ. ಜೊತೆಗೆ ಸೈಕಾಲಜಿಸ್ಟ್ ಹತ್ರ ಸಿಬಿಟಿಗೆ, ಅಂದ್ರೆ ಯೋಚನೆ, ಅಭ್ಯಾಸಗಳನ್ನ ಬದಲಾಯಿಸೋಕೆ ಕಲಿಸೋ ಮಾತಿನ ಚಿಕಿತ್ಸೆಗೆ ಕಳಿಸಿದೆ, ಕೆಲವರಿಗೆ ಮನೋವೈದ್ಯರು ಮಾತ್ರೇನೂ ಕೊಡ್ತಾರೆ, ಅದರಿಂದ ಉಪಯೋಗ ಆಗುತ್ತೆ. ಮೂರು ತಿಂಗಳಿಗೆ ಡರ್ಮೋಸ್ಕೋಪಲ್ಲಿ ಮತ್ತೆ ನೋಡಿದೆ, ಬಲೆ ಹಾಗೇ ಇತ್ತು. ಮಧ್ಯೆ ಒಂದೆರಡು ಸಲ ಕದ್ದು ಫೋಟೋ ತೆಗೆದಿದ್ದನ್ನ ಅವನೇ ಹೇಳಿದ, ಅದು ಪರವಾಗಿಲ್ಲ.

ತಿಂಗಳ ತಾರೀಖಿಗೆ ಕಾಯಬಾರದ ಸಂಗತಿಗಳೂ ಇವೆ. ಬರಿಗಣ್ಣಿಗೇ ಗೊತ್ತಾಗೋ ಹಾಗೆ ವಾರಗಳಲ್ಲಿ ಬೆಳೀತಿರೋ ಮಚ್ಚೆ, ಮುಟ್ಟದೇ ರಕ್ತ ಬರೋದು, ನಾಲ್ಕು ವಾರ ಆದ್ರೂ ಮಾಯದ ಹುಣ್ಣು, ಅಂಗಾಲಲ್ಲಿ ಹೊಸ ಕಪ್ಪು ಕಲೆ, ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲ ಆಗ್ತಿರೋ ಕಪ್ಪು ಗೆರೆ. ಇವಕ್ಕೆ ಫೋಟೋ ಬೇಡ, ಸರ್ಚ್ ಬೇಡ, ನೇರವಾಗಿ ಹೋಗಿ ತೋರಿಸಿ.

ಹೋದಾಗ "ಏನೂ ಇಲ್ಲ, ಹೋಗಿ" ಅನ್ನೋ ಮಾತಿಗೆ ಎದ್ದು ಬರಬೇಡಿ, ಆ ಮಾತು ಮನೆ ತಲುಪೋ ತನಕಾನೂ ನಿಲ್ಲಲ್ಲ, ಅದಕ್ಕೆ ನಮ್ಮ ಡಾಕ್ಟರುಗಳ ಅವಸರಾನೂ ಕಾರಣ. ಈ ಕಲೆಯ ಹೆಸರೇನು, ಏನಾದ್ರೆ ಮಾತ್ರ ವಾಪಸ್ ಬರಬೇಕು, ಮುಂದಿನ ಸಲ ಯಾವ ತಾರೀಖು ಅಂತ ಕೇಳಿ ಬರೆಸ್ಕೊಳ್ಳಿ. ಆ ತಾರೀಖಿಗೆ ಭಯ ಇದ್ರೂ ಹೋಗಿ, ಇಲ್ಲದಿದ್ರೂ ಹೋಗಿ.