ಕೆರೆಯ ಆಳ ಯಾವ ಕಡೆಗಿದೆ?

ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಹಿರಿಯರು ಕಳೆದ ಬೇಸಿಗೆಯಲ್ಲಿ ನನ್ನನ್ನು ತಮ್ಮ ಊರಿನ ಕೆರೆಯ ಬಳಿಗೆ ಕರೆದುಕೊಂಡು ಹೋದರು. ಎತ್ತರದಲ್ಲಿ ನಿಂತು ನೋಡಿದರೆ ಅದು ತಟ್ಟೆಯಂತೆ ದುಂಡಗೆ ಕಾಣುತ್ತದೆ. ಸುತ್ತಲೂ ಕಾಡು ಬೆಳೆದ ದಿಬ್ಬಗಳಿವೆ, ಅಗಲ ಸುಮಾರು 150 ಮೀಟರ್. “ಇದು ಮನುಷ್ಯರು ಕಟ್ಟಿಸಿದ್ದಲ್ಲ ಸಾರ್, ಆಕಾಶದಿಂದ ಉಲ್ಕೆ ಬಿದ್ದು ಆದ ಗುಂಡಿ ಅಂತ ನಮ್ಮ ಅಜ್ಜ ಹೇಳ್ತಿದ್ರು” ಎಂದರು. ಭೂವಿಜ್ಞಾನಿಯಾಗಿ ಮಲೆನಾಡಿನಲ್ಲಿ ತಿರುಗಾಡುವ ನನಗೆ ಇಂತಹ ಪ್ರಶ್ನೆ ಆಗಾಗ ಎದುರಾಗುತ್ತದೆ. ನಾನು ಮೊದಲು ಕೇಳುವುದು ಒಂದೇ ಮಾತು: ಈ ಕೆರೆಯಲ್ಲಿ ಅತಿ ಆಳದ ಜಾಗ ಎಲ್ಲಿದೆ?

ಅದಕ್ಕೆ ಕಾರಣವಿದೆ. ಮಳೆ ಬೀಳುವ ನಾಡಿನಲ್ಲಿ ನೀರು ನಿಲ್ಲಬೇಕಾದರೆ ಎಲ್ಲ ಕಡೆಯಿಂದಲೂ ಮುಚ್ಚಿದ ತಗ್ಗೊಂದು ಬೇಕು. ಆದರೆ ಹೊಳೆಗಳ ಕೆಲಸವೇ ಅಂತಹ ತಗ್ಗುಗಳನ್ನು ಅಳಿಸುವುದು. ಒಂದು ಕಡೆಯಿಂದ ಹೂಳು ತಂದು ತುಂಬುತ್ತವೆ, ಇನ್ನೊಂದು ಕಡೆ ಅಂಚನ್ನು ಕೊರೆದು ನೀರಿಗೆ ದಾರಿ ಮಾಡುತ್ತವೆ. ನಮ್ಮ ನೆಲದ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗಿಂತಲೂ ಹಳೆಯವು, ಆ ಕೊರೆತಕ್ಕೆ ಇಲ್ಲಿ ಸಿಕ್ಕಿರುವ ಕಾಲವೂ ಬಹಳ ದೀರ್ಘವಾದದ್ದು. ಆದ್ದರಿಂದ ಎಲ್ಲಿ ಸಹಜ ಸರೋವರವಿದೆಯೋ ಅಲ್ಲಿ ಹೊಳೆಯಲ್ಲದ ಬೇರೊಂದು ಶಕ್ತಿ, ಭೂವಿಜ್ಞಾನದ ಲೆಕ್ಕದಲ್ಲಿ ಈಚೆಗೆ, ತಗ್ಗನ್ನು ಮಾಡಿರಬೇಕು, ಇಲ್ಲವೇ ಹೊಳೆಯೇ ತನ್ನ ಹಾದಿಯ ತುಂಡೊಂದನ್ನು ಬಿಟ್ಟುಹೋಗಿರಬೇಕು. ತಗ್ಗನ್ನು ಮಾಡಿದ ರೀತಿ ಯಾವುದೆಂಬುದು ಆಳದ ಜಾಗದಲ್ಲಿ ಗುರುತಾಗಿ ಉಳಿದಿರುತ್ತದೆ.

ಭೂಮಿಯ ಹೊರಪದರ ಎಳೆತಕ್ಕೆ ಸಿಕ್ಕಿ ಸೀಳಿದಾಗ ಬಿರುಕಿನ ಒಂದು ಬದಿಯ ನೆಲ ಕುಸಿಯುತ್ತದೆ. ಹಾಗಾಗಿ ಅಲ್ಲಿ ಆಳ ಬಿರುಕಿನ ಕಡೆಗೇ ವಾಲಿರುತ್ತದೆ. ಸೈಬೀರಿಯದ ಬೈಕಲ್ ಸರೋವರದ ಆಳ 1642 ಮೀಟರ್, ಮತ್ತು ಆ ಅತಿ ಆಳದ ಜಾಗವಿರುವುದು ದೊಡ್ಡ ಬಿರುಕು ಹಾದುಹೋಗುವ ಪಶ್ಚಿಮದ ಕಡೆಗೆ. ಅದರ ತಳದ ಕೆಳಗೆ ಕಿಲೋಮೀಟರುಗಟ್ಟಲೆ ಹೂಳಿದ್ದರೂ ಸರೋವರ ತುಂಬಿಹೋಗಿಲ್ಲ, ಏಕೆಂದರೆ ನೆಲ ಇನ್ನೂ ಕುಸಿಯುತ್ತಲೇ ಇದೆ.

ಹಿಮನದಿಯ ಕೆಲಸ ಇದಕ್ಕಿಂತ ಭಿನ್ನ. ಹೊಳೆಯ ನೀರು ತಳದ ಏರನ್ನು ಹತ್ತಿಕೊಂಡು ಹೋಗಿ ಕೊರೆಯಲಾರದು. ದಪ್ಪನೆಯ ಹಿಮದ ರಾಶಿಯನ್ನಾದರೋ ಅದರ ಮೇಲ್ಮೈಯ ಇಳಿಜಾರು ಮುಂದಕ್ಕೆ ತಳ್ಳುವುದರಿಂದ ಅದು ತಳದಲ್ಲಿ ಮೇಲಕ್ಕೂ ಜಾರಬಲ್ಲದು. ಹೀಗಾಗಿ ಅದು ನಡುವೆ ಆಳವಾಗಿ ಉಜ್ಜಿ, ಹೊರಹೋಗುವ ಕಡೆ ಬಂಡೆಯದೇ ಹೊಸ್ತಿಲೊಂದನ್ನು ಉಳಿಸುತ್ತದೆ. ಹಿಮಾಲಯದ ಎತ್ತರದಲ್ಲಿ ಇಂತಹ ಸರೋವರಗಳಿವೆ. ಕಳೆದ ಹಿಮಯುಗದಲ್ಲಿ ಪಶ್ಚಿಮ ಘಟ್ಟಗಳ ಮೇಲೆ ಹಿಮನದಿ ಇರಲಿಲ್ಲವಾದ್ದರಿಂದ ನಮ್ಮಲ್ಲಿ ಅವನ್ನು ಹುಡುಕುವಂತಿಲ್ಲ.

ಹೊಳೆಯೇ ಮಾಡುವ ಸರೋವರವೂ ಒಂದಿದೆ. ತಾನೇ ತಂದು ಹರಡಿದ ಮೆಕ್ಕಲು ಮಣ್ಣಿನಲ್ಲಿ ನದಿ ಅಂಕುಡೊಂಕಾಗಿ ಹರಿಯುವಾಗ ತಿರುವಿನ ಹೊರದಂಡೆ ಕೊರೆಯುತ್ತದೆ, ಒಳದಂಡೆಯಲ್ಲಿ ಮರಳು ಕೂರುತ್ತದೆ. ತಿರುವು ಬೆಳೆದಂತೆ ಅದರ ಎರಡು ತುದಿಗಳು ಹತ್ತಿರ ಬಂದು, ಕೊನೆಗೆ ಯಾವುದೋ ನೆರೆಯಲ್ಲಿ ನಡುವಿನ ಕುತ್ತಿಗೆ ಒಡೆದು ನದಿ ನೇರವಾಗಿ ನುಗ್ಗುತ್ತದೆ. ಹಳೆಯ ತಿರುವಿನ ಎರಡೂ ಬಾಯಿಗಳನ್ನು ಹೂಳು ಮುಚ್ಚಿದ ಮೇಲೆ ಉಳಿಯುವುದು ಕುಡುಗೋಲಿನಂತಹ ಸರೋವರ. ಬಿಹಾರದ ಬೇಗುಸರಾಯ್ ಜಿಲ್ಲೆಯ ಕಾಂವರ್ ತಾಲ್ ಹೀಗೆ ಆದದ್ದು. ಇದರ ಆಳ ಹೊರಬಾಗಿನ ದಂಡೆಗೆ ಅಂಟಿಕೊಂಡಿರುತ್ತದೆ. ತುಂಗೆ, ಭದ್ರೆ, ಶರಾವತಿಗಳು ಮಲೆನಾಡಿನಲ್ಲಿ ಬಹುಮಟ್ಟಿಗೆ ಬಂಡೆಯನ್ನೇ ಕೊರೆದು ಹರಿಯುವುದರಿಂದ ಅವಕ್ಕೆ ಹೀಗೆ ಹಾದಿ ಬದಲಿಸುವ ಸ್ವಾತಂತ್ರ್ಯ ಇಲ್ಲಿ ಅಷ್ಟಾಗಿ ಇಲ್ಲ.

ಈಗ ಉಲ್ಕೆಯ ಮಾತು. ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಲೋಣಾರ್ ಸರೋವರವನ್ನು ನೋಡಿದವರಿಗೆ ಅದರ ದುಂಡಗಿನ ಆಕಾರ ಮರೆಯುವುದಿಲ್ಲ. ಕುಳಿಯ ಅಗಲ ಸುಮಾರು 1.8 ಕಿಲೋಮೀಟರ್, ಅಂಚು ಸುತ್ತಲಿನ ಬಯಲಿಗಿಂತ ಸುಮಾರು 20 ಮೀಟರ್ ಎತ್ತರ. ಅದಿರುವುದು ಲಾವಾ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್ ಶಿಲೆಯ ನಡುವೆಯಾದ್ದರಿಂದ ಅದನ್ನು ಜ್ವಾಲಾಮುಖಿಯ ಬಾಯಿ ಎಂದು ಬಹುಕಾಲ ಭಾವಿಸಿದ್ದರು. ಆದರೆ ಆ ಲಾವಾ ಹರಿದು ಆರೂವರೆ ಕೋಟಿ ವರ್ಷಗಳಾಗಿವೆ. ಕುಳಿಯ ಅಂಚು ಮಾತ್ರ ಅಷ್ಟು ಸವೆದಿಲ್ಲ. ಆಕಾರವೊಂದೇ ತೀರ್ಪು ಕೊಡಲಾರದು ಎಂಬುದಕ್ಕೆ ಲೋಣಾರ್ ಒಳ್ಳೆಯ ಉದಾಹರಣೆ. 1970ರ ದಶಕದಲ್ಲಿ ಕುಳಿಯ ತಳದಲ್ಲಿ ಕೊಳವೆ ಕೊರೆದಾಗ ಹೂಳಿನ ದಪ್ಪ ಪದರದ ಕೆಳಗೆ ನುಚ್ಚುನೂರಾದ ಬಸಾಲ್ಟ್ ಸಿಕ್ಕಿತು, ಅದರಲ್ಲಿ ಫೆಲ್ಡ್‌ಸ್ಪಾರ್ ಖನಿಜದ ಹರಳುಗಳು ಕರಗದೆಯೇ, ಆಘಾತದ ಒತ್ತಡವೊಂದರಿಂದಲೇ ಗಾಜಾಗಿದ್ದವು. ಜ್ವಾಲಾಮುಖಿಯಲ್ಲಿ ಅಂತಹ ಒತ್ತಡ ಹುಟ್ಟುವುದಿಲ್ಲ. ಅಂಚಿನಲ್ಲಿಯೂ ಗುರುತುಗಳಿವೆ: ಮಟ್ಟಸವಾಗಿರಬೇಕಾದ ಬಸಾಲ್ಟ್ ಪದರಗಳು ಮೇಲಕ್ಕೆದ್ದು ಹೊರಮುಖವಾಗಿ ಬಾಗಿವೆ, ಕೆಲವೆಡೆ ಪುಸ್ತಕದ ಹಾಳೆ ಮಗುಚಿದಂತೆ ಕೆಳಗಿನದು ಮೇಲೆ ಬಂದಿದೆ.

ಈ ತಿಳಿವಳಿಕೆಯನ್ನಿಟ್ಟುಕೊಂಡು ನಾವು ಸೊರಬದ ಆ ಕೆರೆಗೆ ತೆಪ್ಪ ಇಳಿಸಿದೆವು. ಅರ್ಧ ಮೀಟರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ಒಂದು ದಂಡೆಯಿಂದ ಎದುರು ದಂಡೆಗೆ ಸಾಲಾಗಿ ಅಳೆದೆವು. ಮೇಲ್ಭಾಗದಲ್ಲಿ ಅರ್ಧ ಮೀಟರ್, ನಡುವೆ ಎರಡೂವರೆ, ಪೂರ್ವದ ದಿಬ್ಬದ ಬುಡದಲ್ಲಿ ನಾಲ್ಕೂವರೆ ಮೀಟರ್ ಬಂತು. ಹೊಸದಾಗಿ ಆದ ಉಲ್ಕಾ ಕುಳಿಯ ಆಳ ಅದರ ಅಗಲದ ಸುಮಾರು ಐದನೆಯ ಒಂದು ಭಾಗವಿರುತ್ತದೆ, ಮತ್ತು ಅತಿ ಆಳ ನಡುವೆ ಇರುತ್ತದೆ. 150 ಮೀಟರ್ ಅಗಲಕ್ಕೆ ನಡುವೆ 30 ಮೀಟರ್ ಇರಬೇಕಿತ್ತು. ಆದರೆ ಹೂಳು ತುಂಬಿ ತಳ ಸಪಾಟಾಗಿದ್ದರೆ ಹಗ್ಗದ ಅಳತೆ ಮೋಸ ಮಾಡಬಹುದು. ಲೋಣಾರಿನಲ್ಲೇ ಇಂದಿನ ನೀರು ಕೆಲವೇ ಮೀಟರ್ ಆಳ. ಆದ್ದರಿಂದ ನಡುವೆ ನೀರು ಬತ್ತುವವರೆಗೆ ಕಾದು, ಮೇ ಕೊನೆಯಲ್ಲಿ ಕೈಬೈರಿಗೆಯಿಂದ ಕೊರೆದೆವು. ಒಂದೂಕಾಲು ಮೀಟರ್ ಕಪ್ಪು ಹೂಳು, ಅದರ ಕೆಳಗೆ ಗದ್ದೆಯ ಕೆಸರಿನಂತಹ ಬೂದುಮಣ್ಣು, ಆಮೇಲೆ ಹಳ್ಳದ ಮರಳು ಮತ್ತು ನುಣುಪಾದ ಬೆಣಚುಕಲ್ಲು ಸಿಕ್ಕಿದವು. ಅಂದರೆ ಕೆರೆಗೆ ಮೊದಲು ಅಲ್ಲಿ ಹಳ್ಳ ಹರಿಯುತ್ತಿತ್ತು.

ಪೂರ್ವದ ದಿಬ್ಬವೊಂದು ಉಳಿದಿತ್ತು. ನಮ್ಮ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಬಿಳಿಯ ಶೇಡಿಮಣ್ಣು, ಇನ್ನೂ ಕೆಳಗೆ ಕೊಳೆತ ಬಂಡೆ ಎಂಬ ಕ್ರಮ ಸಾಮಾನ್ಯವಾಗಿ ಕಾಣುತ್ತದೆ. ಉಳಿದ ಮೂರು ಕಡೆಯ ದಿಬ್ಬಗಳಲ್ಲಿ ಈ ಕ್ರಮ ಹಾಗೆಯೇ ಇತ್ತು. ಉಲ್ಕೆ ಬಿದ್ದಿದ್ದರೆ ಅಂಚಿನಲ್ಲಿ ಶೇಡಿಮಣ್ಣು ಜಂಬಿಟ್ಟಿಗೆಯ ಮೇಲೆ ಮಗುಚಿ ಬಿದ್ದಿರಬೇಕಿತ್ತು. ಪೂರ್ವದ ದಿಬ್ಬದಲ್ಲಿ ಹಂದಿ ಕೆದರಿದ ಜಾಗವನ್ನು ಇನ್ನಷ್ಟು ಕೆತ್ತಿ ನೋಡಿದಾಗ ಕಂಡದ್ದು ಸರಿಯಾದ ಕ್ರಮವೂ ಅಲ್ಲ, ಮಗುಚಿದ ಕ್ರಮವೂ ಅಲ್ಲ: ಜಂಬಿಟ್ಟಿಗೆಯ ಚೂರು, ಶೇಡಿಮಣ್ಣು, ಕೆಮ್ಮಣ್ಣು ಎಲ್ಲವೂ ಬೆರೆತು, ಗೇಣುದ್ದದ ಮಟ್ಟಸವಾದ ಪಟ್ಟೆಗಳಾಗಿ ಒಂದರ ಮೇಲೊಂದು ತುಳಿದು ಕೂರಿಸಿದ್ದವು. ಅದು ಏರಿ. ಮರಗಳು ಬೆಳೆದು, ಮಳೆಗೆ ಕರಗಿ, ಮೂರು ದಿಬ್ಬಗಳ ಜೊತೆ ನಾಲ್ಕನೆಯದಾಗಿ ಸೇರಿಹೋಗಿತ್ತು.

ಹಿರಿಯರು ಬಹಳ ಹೊತ್ತು ಆ ಪಟ್ಟೆಗಳನ್ನು ಬೆರಳಿನಿಂದ ಸವರಿ ನೋಡಿದರು. ಏರಿ ಇದ್ದ ಮೇಲೆ ತೂಬು ಇರಲೇಬೇಕು ಎಂದು ಅವರೇ ಹೇಳಿ, ಮೊಮ್ಮಗನನ್ನು ಕರೆದು, ನಾಲ್ಕೂವರೆ ಮೀಟರ್ ಆಳ ಸಿಕ್ಕಿದ್ದ ಜಾಗಕ್ಕೆ ನೇರವಾಗಿ ಏರಿಯ ಹೊರಮಗ್ಗುಲಿನ ಲಂಟಾನ ಪೊದೆಯನ್ನು ಕಡಿಸಿದರು. ಅಲ್ಲಿ ಎರಡು ಚಪ್ಪಡಿಗಳ ನಡುವೆ ಮಣ್ಣು ತುಂಬಿದ ಕಲ್ಲಿನ ಕಾಲುವೆಯ ಬಾಯಿಯಿತ್ತು, ಅದರ ಕೆಳಗಿನ ನೆಲ ಆ ಮೇ ತಿಂಗಳಲ್ಲಿಯೂ ಒದ್ದೆಯಾಗಿತ್ತು.