ತೆಂಗಿನಕಾಯಿ ಬಿಟ್ಟರೂ ಟ್ರೈಗ್ಲಿಸರೈಡ್ ಏರಿತು, ಗುಳಿಗೆ ಕಾರಣವಿರಬಹುದೇ?

ಪ್ರಶ್ನೆ: ನನಗೆ 59 ವರ್ಷ. ಕುಮಟಾ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾಗಿದ್ದೇನೆ. ಫೆಬ್ರವರಿಯಲ್ಲಿ ಬೆರಳಿನ ಗಂಟುಗಳು ಬಾತುಕೊಂಡು, ಸಂಧಿವಾತ ಎಂದು ತಿಳಿಯಿತು. ಅದಕ್ಕೆ ಪ್ರೆಡ್ನಿಸೋಲೋನ್ ಮತ್ತು ಮೆಥೋಟ್ರೆಕ್ಸೇಟ್ ಕೊಟ್ಟಿದ್ದಾರೆ. ಏಪ್ರಿಲ್‌ನಲ್ಲಿ ರಕ್ತದೊತ್ತಡ 160 ದಾಟಿದ್ದರಿಂದ ಕ್ಲೋರ್ಥಾಲಿಡೋನ್ ಮತ್ತು ಅಟೆನೊಲಾಲ್ ಶುರುವಾಯಿತು. ಕೊಲೆಸ್ಟ್ರಾಲ್ ಭಯದಿಂದ ಮೂರು ತಿಂಗಳಿನಿಂದ ಸಾರಿಗೆ ಕಾಯಿ ಹಾಕಿಲ್ಲ, ಮೀನು ಹುರಿದಿಲ್ಲ. ಆದರೂ ಜನವರಿಯಲ್ಲಿ 148 ಇದ್ದ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಜೂನ್‌ನಲ್ಲಿ 312 ಆಗಿದೆ. ಗುಳಿಗೆಯಿಂದ ಹೀಗಾಗುತ್ತದೆಯೇ? ಆಗುವುದಾದರೆ ಗುಳಿಗೆ ನಿಲ್ಲಿಸಲೇ? ಕಾಯಿಯನ್ನು ಮತ್ತೆ ತಿನ್ನಬಹುದೇ?

ಉತ್ತರ: ಅಕ್ಕೋರೇ, ಮೊದಲು ಎರಡನೆಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಏಕೆಂದರೆ ಅದು ತುರ್ತಿನದು. ಪ್ರೆಡ್ನಿಸೋಲೋನ್ ಒಂದು ಸ್ಟೀರಾಯ್ಡ್, ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ತಮ್ಮದೇ ಸ್ಟೀರಾಯ್ಡ್ ತಯಾರಿಸುತ್ತವೆ. ಹೊರಗಿನಿಂದ ಮೂರು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ಬರುತ್ತಿದ್ದರೆ ಆ ಗ್ರಂಥಿಗಳು ಕೆಲಸ ಕಡಿಮೆ ಮಾಡಿ ಮಲಗಿಬಿಡಬಹುದು. ಗುಳಿಗೆ ಒಮ್ಮೆಲೇ ನಿಂತರೆ ಅವು ತಕ್ಷಣ ಎದ್ದೇಳುವುದಿಲ್ಲ. ಆಗ ಸುಸ್ತು, ವಾಂತಿ, ತಲೆ ತಿರುಗುವುದು ಶುರುವಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಬರಬಹುದು. ಅಟೆನೊಲಾಲನ್ನೂ ಹಾಗೆಯೇ ಒಂದೇ ದಿನದಲ್ಲಿ ಬಿಡಬಾರದು. ಬಿಟ್ಟರೆ ಎದೆಬಡಿತ ಮತ್ತು ರಕ್ತದೊತ್ತಡ ತಟ್ಟನೆ ಏರುತ್ತವೆ, ಹೃದಯದ ತೊಂದರೆ ಇದ್ದವರಿಗೆ ಎದೆನೋವು ಬರಬಹುದು. 312 ಎಂಬ ಅಂಕಿ ಈ ವಾರದ ಅಪಾಯವಲ್ಲ. ಗುಳಿಗೆ ನಿಲ್ಲಿಸುವುದರಿಂದ ಬರುವುದು ಈ ವಾರದ ಅಪಾಯ.

ಇನ್ನು ಮೊದಲ ಪ್ರಶ್ನೆ. ಹೌದು, ಗುಳಿಗೆಗಳು ಕಾರಣವಾಗಿರುವ ಸಾಧ್ಯತೆ ಬಹಳ ಇದೆ. ಅದನ್ನು ನಿಮ್ಮ ವರದಿಯೇ ಹೇಳುತ್ತದೆ.

ನೀವು ಕಳಿಸಿದ ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಜನವರಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 196, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ 148. ಜೂನ್‌ನಲ್ಲಿ ಕ್ರಮವಾಗಿ 246, 54 ಮತ್ತು 312. ಒಟ್ಟು ಕೊಲೆಸ್ಟ್ರಾಲ್ ಐವತ್ತು ಅಂಕ ಏರಿದೆ ಎಂದು ನಿಮಗೆ ಭಯವಾಗಿದೆ. ಆ ಐವತ್ತು ಎಲ್ಲಿಂದ ಬಂತು ಎಂದು ಬಿಡಿಸಿ ನೋಡೋಣ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ ಯಕೃತ್ತು ರಕ್ತಕ್ಕೆ ಬಿಡುವ ವಿಎಲ್‌ಡಿಎಲ್ ಎಂಬ ಕೊಬ್ಬಿನ ಕಣಗಳಲ್ಲಿರುವ ಕೊಲೆಸ್ಟ್ರಾಲಿನ ಅಂದಾಜು ಸಿಗುತ್ತದೆ. ಒಟ್ಟಿನಿಂದ ಅದನ್ನೂ ಎಚ್‌ಡಿಎಲ್ಲನ್ನೂ ಕಳೆದರೆ ಉಳಿಯುವುದು ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್. ಟ್ರೈಗ್ಲಿಸರೈಡ್ 400ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಈ ಲೆಕ್ಕ ನಡೆಯುತ್ತದೆ, ನಿಮ್ಮದು ಆ ಮಿತಿಯೊಳಗಿದೆ. ಜನವರಿಯಲ್ಲಿ ನಿಮ್ಮ ಎಲ್‌ಡಿಎಲ್ ಸುಮಾರು 120, ಜೂನ್‌ನಲ್ಲಿ ಸುಮಾರು 130. ವಿಎಲ್‌ಡಿಎಲ್ ಮಾತ್ರ 30ರಿಂದ 62ಕ್ಕೆ ಹೋಗಿದೆ. ಏರಿಕೆಯ ಬಹುಪಾಲು ಅಲ್ಲಿದೆ.

ತೆಂಗಿನಕಾಯಿಯ ಕೊಬ್ಬು ಮುಖ್ಯವಾಗಿ ಏರಿಸುವುದು ಎಲ್‌ಡಿಎಲ್ಲನ್ನು. ನೀವು ಕಾಯಿಯನ್ನು ಬಿಟ್ಟಿದ್ದೀರಿ, ಎಲ್‌ಡಿಎಲ್ ಹೆಚ್ಚು ಅಲುಗಿಲ್ಲ, ಏರಿರುವುದು ಟ್ರೈಗ್ಲಿಸರೈಡ್. ಹಾಗಾಗಿ ಕಾಯಿಯ ಮೇಲಿನ ಆರೋಪ ಇಲ್ಲಿ ನಿಲ್ಲುವುದಿಲ್ಲ. ಆ ಹತ್ತು ಅಂಕದ ಎಲ್‌ಡಿಎಲ್ ಏರಿಕೆಗೂ ಒಂದು ವಿವರಣೆ ಇದೆ. ಸಂಧಿವಾತದ ಉರಿಯೂತ ಜೋರಾಗಿದ್ದಾಗ ಕೊಲೆಸ್ಟ್ರಾಲ್ ಇರಬೇಕಾದ್ದಕ್ಕಿಂತ ಕೆಳಗೆ ಬಿದ್ದಿರುತ್ತದೆ. ಔಷಧಿ ಹಿಡಿದು ಉರಿಯೂತ ಇಳಿದಂತೆ ಅದು ತನ್ನ ಹಳೆಯ ಮಟ್ಟಕ್ಕೆ ಮರಳುತ್ತದೆ. ಗಂಟುಗಳ ಬಾವು ನೋವು ಕಾಣಿಸುವ ಮೊದಲೇ ಒಳಗೆ ಶುರುವಾಗಿರಬಹುದಾದ್ದರಿಂದ ಜನವರಿಯ 120 ಕೂಡ ನಿಮ್ಮ ನಿಜವಾದ ಮಟ್ಟವಾಗಿರಲಿಕ್ಕಿಲ್ಲ.

ಹಾಗಾದರೆ ಟ್ರೈಗ್ಲಿಸರೈಡನ್ನು ಏರಿಸಿದ್ದು ಯಾವುದು? ನಿಮ್ಮ ಚೀಟಿಗಳ ತಾರೀಕುಗಳನ್ನು ಅನುಸರಿಸಿ ಹೋದರೆ ಒಂದರ ಹಿಂದೆ ಒಂದು ಕೊಂಡಿ ಕಾಣುತ್ತದೆ.

ಫೆಬ್ರವರಿಯಲ್ಲಿ 15 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಶುರುವಾಯಿತು, ಈಗ 10ಕ್ಕೆ ಇಳಿದಿದೆ. ಮೆಥೋಟ್ರೆಕ್ಸೇಟ್ ಕೆಲಸ ಮಾಡಲು ವಾರಗಟ್ಟಲೆ ಸಮಯ ಬೇಕು, ಅಲ್ಲಿಯವರೆಗೆ ಸ್ಟೀರಾಯ್ಡ್ ಸಂಕದಂತೆ ದಾಟಿಸುತ್ತದೆ. ಆದರೆ ಸ್ಟೀರಾಯ್ಡ್ ಇನ್ಸುಲಿನ್ನಿನ ಮಾತನ್ನು ದೇಹ ಕೇಳದಂತೆ ಮಾಡುತ್ತದೆ. ಆಗ ಕೊಬ್ಬಿನ ಸಂಗ್ರಹದಿಂದ ಕೊಬ್ಬಿನಾಮ್ಲಗಳು ಕರಗಿ ಯಕೃತ್ತಿಗೆ ಹರಿಯುತ್ತವೆ, ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಆಗಿ ಕಟ್ಟಿ ರಕ್ತಕ್ಕೆ ಕಳಿಸುತ್ತದೆ. ರಕ್ತದ ಸಕ್ಕರೆ ಏರುವುದೂ ಇದೇ ಕಾರಣಕ್ಕೆ, ಏರಿದ ಸಕ್ಕರೆ ಟ್ರೈಗ್ಲಿಸರೈಡನ್ನು ಮತ್ತಷ್ಟು ತಳ್ಳುತ್ತದೆ. ಎಚ್‌ಡಿಎಲ್ 46ರಿಂದ 54 ಆಗಿರುವುದೂ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಹಲವು ಸಲ ಕಾಣುವ ಬದಲಾವಣೆ. ಅದನ್ನು ಲಾಭವೆಂದು ಎಣಿಸಬೇಡಿ.

ಸ್ಟೀರಾಯ್ಡ್ ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಡುತ್ತದೆ, ರಕ್ತದೊತ್ತಡ ಏರಿಸುತ್ತದೆ. ಏಪ್ರಿಲ್‌ನಲ್ಲಿ 160 ಕಂಡದ್ದು ಬಹುಶಃ ಇದರ ಫಲವೇ. ಅದಕ್ಕೆ ಬಂದ ಎರಡು ಗುಳಿಗೆಗಳೂ ಕೊಬ್ಬಿನ ಮೇಲೆ ಕೈಯಿಡುವಂಥವು. ಅಟೆನೊಲಾಲ್ ಮತ್ತು ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರುಗಳು ರಕ್ತದಲ್ಲಿರುವ ಟ್ರೈಗ್ಲಿಸರೈಡನ್ನು ಒಡೆದು ಖಾಲಿ ಮಾಡುವ ಕೆಲಸವನ್ನು ನಿಧಾನ ಮಾಡುತ್ತವೆ. ಯಕೃತ್ತು ಹೆಚ್ಚು ಸುರಿಯುತ್ತಿರುವಾಗಲೇ ಹೊರಹೋಗುವ ದಾರಿ ಕಿರಿದಾಯಿತು. ಕ್ಲೋರ್ಥಾಲಿಡೋನ್ ಕೂಡ ಸ್ವಲ್ಪ ಏರಿಸಬಲ್ಲದು, ಆದರೆ ಅದು ಡೋಸ್ ಹೆಚ್ಚಿದಂತೆ ಹೆಚ್ಚುವ ಪರಿಣಾಮ. ನಿಮ್ಮದು 12.5 ಮಿಲಿಗ್ರಾಂ, ಅದರ ಪಾಲು ಚಿಕ್ಕದು. ಈ ಮೂರರಲ್ಲಿ ನನ್ನ ಅನುಮಾನ ಮೊದಲು ಸ್ಟೀರಾಯ್ಡ್, ಆಮೇಲೆ ಅಟೆನೊಲಾಲ್.

ಗಂಟು ನೋಡಿದವರು ಒಬ್ಬರು, ರಕ್ತದೊತ್ತಡ ನೋಡಿದವರು ಇನ್ನೊಬ್ಬರು. ಇಬ್ಬರೂ ತಮ್ಮ ಮುಂದಿದ್ದ ತೊಂದರೆಗೆ ಸರಿಯಾದ ಮದ್ದನ್ನೇ ಕೊಟ್ಟಿದ್ದಾರೆ. ಎರಡೂ ಚೀಟಿಗಳು ಒಂದೇ ಮೇಜಿನ ಮೇಲೆ ಬರಲಿಲ್ಲ, ಅಷ್ಟೇ. ಕಾರವಾರಕ್ಕೊಮ್ಮೆ, ಶಿರಸಿಗೊಮ್ಮೆ, ಮಣಿಪಾಲಕ್ಕೊಮ್ಮೆ ಎಂದು ಓಡಾಡುವ ನಮ್ಮ ಜಿಲ್ಲೆಯ ಎಷ್ಟೋ ರೋಗಿಗಳಲ್ಲಿ ಇದನ್ನು ಕಂಡು ಸಂಕಟಪಟ್ಟಿದ್ದೇನೆ. ಅವರ ಚೀಲದಲ್ಲಿ ಎಲ್ಲ ಕಾಗದಗಳೂ ಇರುತ್ತವೆ, ಹೊರಬರುವುದು ಒಂದು ಮಾತ್ರ.

ಊಟದ ಬಗ್ಗೆ ನೀವು ಬರೆದ ಒಂದು ಸಾಲು ನನ್ನ ಗಮನ ಸೆಳೆಯಿತು. ಕಾಯಿ ಬಿಟ್ಟ ಮೇಲೆ ಹಸಿವು ತಡೆಯಲಾಗದೆ ಬೆಳಿಗ್ಗೆ ಗಂಜಿ, ಹನ್ನೊಂದಕ್ಕೆ ಬೆಲ್ಲದ ಅವಲಕ್ಕಿ, ಸಂಜೆ ಚಹಾದ ಜೊತೆ ಟೋಸ್ಟ್ ಎಂದಿದ್ದೀರಿ. ಆ ಹಸಿವು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ, ಸ್ಟೀರಾಯ್ಡ್ ಹುಟ್ಟಿಸಿದ್ದು. ಆದರೆ ಎಣ್ಣೆಯೇ ಇಲ್ಲದ ಈ ಅಕ್ಕಿ, ಬೆಲ್ಲ, ಮೈದಾಗಳೇ ಯಕೃತ್ತಿನಲ್ಲಿ ಟ್ರೈಗ್ಲಿಸರೈಡ್ ಆಗುವುದು. ಕೊಬ್ಬನ್ನು ಬಿಟ್ಟು ಪಿಷ್ಟ ಮತ್ತು ಸಿಹಿಯನ್ನು ಹೆಚ್ಚಿಸಿದರೆ ಈ ಅಂಕಿ ಇಳಿಯುವ ಬದಲು ಏರುತ್ತದೆ.

ಈಗ ಮಾಡಬೇಕಾದದ್ದು. ಗುಳಿಗೆಯನ್ನು ಅಪರಾಧಿ ಎಂದು ತೀರ್ಮಾನಿಸುವ ಮೊದಲು ಇನ್ನಿತರ ಕಾರಣಗಳನ್ನು ಬಿಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡಿಗೆ ಟಿಎಸ್ಎಚ್, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಇಷ್ಟು ಸಾಕು. ರಾತ್ರಿ ಊಟದ ನಂತರ ಹತ್ತು ಹನ್ನೆರಡು ಗಂಟೆ ಬಿಟ್ಟು, ಹಿಂದಿನ ದಿನ ಮದುವೆ ಊಟ ಇಲ್ಲದಂತೆ ನೋಡಿಕೊಂಡು ಕೊಬ್ಬಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ಆಮೇಲೆ ಎರಡೂ ವೈದ್ಯರ ಚೀಟಿ ಮತ್ತು ಎರಡೂ ವರದಿಗಳೊಂದಿಗೆ ಇಬ್ಬರನ್ನೂ ಕಾಣಿರಿ. ಗಂಟಿನ ವೈದ್ಯರನ್ನು ಕೇಳಬೇಕಾದದ್ದು, ಮೆಥೋಟ್ರೆಕ್ಸೇಟ್ ಹಿಡಿದಿದೆಯೇ, ಸ್ಟೀರಾಯ್ಡನ್ನು ಮೆಲ್ಲಗೆ ಇಳಿಸಬಹುದೇ ಎಂದು. ರಕ್ತದೊತ್ತಡದ ವೈದ್ಯರನ್ನು ಕೇಳಬೇಕಾದದ್ದು, ಅಟೆನೊಲಾಲ್ ಬದಲಿಗೆ ಕೊಬ್ಬಿನ ತಂಟೆಗೆ ಹೋಗದ ಟೆಲ್ಮಿಸಾರ್ಟನ್ ಅಥವಾ ಅಮ್ಲೊಡಿಪಿನ್ ನಿಮಗೆ ಹೊಂದುತ್ತದೆಯೇ ಎಂದು. ಬೀಟಾ ಬ್ಲಾಕರೇ ಬೇಕಾದವರಿಗೆ ನೆಬಿವೊಲಾಲ್, ಕಾರ್ವೆಡಿಲಾಲ್ ಇವೆ, ಅವು ಟ್ರೈಗ್ಲಿಸರೈಡನ್ನು ಏರಿಸುವುದಿಲ್ಲ. ಹೃದಯಾಘಾತವಾದವರು, ಹೃದಯ ದುರ್ಬಲವಾದವರು ಮಾತ್ರ ಇದನ್ನು ಓದಿ ತಮ್ಮ ಗುಳಿಗೆ ಬದಲಿಸಲು ಹೊರಡಬಾರದು, ಅವರಿಗೆ ಬೀಟಾ ಬ್ಲಾಕರಿನ ಲಾಭ ಈ ಅಂಕಿಗಿಂತ ಬಹಳ ದೊಡ್ಡದು.

ಬದಲಾವಣೆಯಾದ ಎರಡು ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಿ. ಅಂಕಿ ಇಳಿದರೆ ಅದೇ ಸಾಕ್ಷಿ. ಇಳಿಯದಿದ್ದರೆ, ಅಥವಾ ಸ್ಟೀರಾಯ್ಡ್ ಬಹುಕಾಲ ಬೇಕೆಂದಾದರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಳಿಗೆ ಬೇಕೇ ಎಂಬ ಮಾತು ಬರುತ್ತದೆ. ಸಂಧಿವಾತವೇ ಹೃದಯರೋಗದ ಸಂಭವವನ್ನು ಹೆಚ್ಚಿಸುವ ಕಾಯಿಲೆ, ಆದ್ದರಿಂದ ಆ ಮಾತನ್ನು ತಳ್ಳಿಹಾಕಬೇಡಿ. ಟ್ರೈಗ್ಲಿಸರೈಡ್ 500 ದಾಟಿದರೆ ಮೂರು ತಿಂಗಳು ಕಾಯುವ ಹಾಗಿಲ್ಲ. 1000 ಮೀರಿದಾಗ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ ನಿಜವಾದದ್ದು. ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹಾಯುವ ಜೋರು ನೋವು ಮತ್ತು ವಾಂತಿ ಬಂದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.

ಇದೇ ಪ್ರಶ್ನೆ ಬೇರೆ ಮನೆಗಳಲ್ಲಿ ಬೇರೆ ಗುಳಿಗೆಯ ಹೆಸರಿನಲ್ಲಿ ಬರುತ್ತದೆ. ಗಟ್ಟಿ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕೆಲವೇ ವಾರಗಳಲ್ಲಿ ಹರೆಯದವರ ಟ್ರೈಗ್ಲಿಸರೈಡನ್ನು ಏರಿಸಬಹುದು. ಅದಕ್ಕಾಗಿಯೇ ಶುರು ಮಾಡುವ ಮೊದಲೊಮ್ಮೆ, ಶುರುವಾದ ಒಂದೆರಡು ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ಕೋರ್ಸ್ ಮುಗಿದ ಮೇಲೆ ಅದು ಸಾಮಾನ್ಯವಾಗಿ ಇಳಿಯುತ್ತದೆ.

ಎಚ್‌ಐವಿ ಔಷಧಿಗಳಲ್ಲಿ ಈಗ ನಮ್ಮ ದೇಶದಲ್ಲಿ ಮೊದಲು ಕೊಡುವ ಟೆನೊಫೋವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಜೋಡಣೆ ಕೊಬ್ಬಿನ ವಿಷಯದಲ್ಲಿ ಸೌಮ್ಯ. ರಿಟೊನಾವಿರ್ ಸೇರಿದ ಔಷಧಿಗಳು ಹಾಗಲ್ಲ, ಟ್ರೈಗ್ಲಿಸರೈಡನ್ನು ಸ್ಪಷ್ಟವಾಗಿ ಏರಿಸುತ್ತವೆ. ಅದಕ್ಕಿಂತ ಮುಖ್ಯವಾದದ್ದು, ರಿಟೊನಾವಿರ್ ಯಕೃತ್ತಿನಲ್ಲಿ ಬೇರೆ ಔಷಧಿಗಳು ಕರಗುವುದನ್ನು ತಡೆಯುತ್ತದೆ. ಸಿಮ್ವಾಸ್ಟಾಟಿನ್ ಅದರ ಜೊತೆ ಸೇರಿದರೆ ಸ್ನಾಯುಗಳೇ ಹಾಳಾಗಬಹುದು, ಆದ್ದರಿಂದ ಅದು ನಿಷಿದ್ಧ. ಅಸ್ತಮಾಕ್ಕೆ ಸೇದುವ ಫ್ಲುಟಿಕಾಸೋನ್, ಗಂಟಿಗೆ ಚುಚ್ಚುವ ಟ್ರಯಾಮ್ಸಿನೊಲೋನ್ ಕೂಡ ಅದರ ಜೊತೆ ಮೈತುಂಬ ಸ್ಟೀರಾಯ್ಡ್ ಆಗಿಬಿಡುತ್ತವೆ. ಊರಿನ ಬಾಯಿಗೆ ಹೆದರಿ ಎಚ್‌ಐವಿ ಗುಳಿಗೆಯ ವಿಷಯವನ್ನು ಬೇರೆ ವೈದ್ಯರಿಂದ ಮುಚ್ಚಿಡುವವರ ನೋವು ನನಗೆ ಅರ್ಥವಾಗುತ್ತದೆ. ಬಾಗಿಲು ಮುಚ್ಚಿಸಿ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ವೈದ್ಯರೊಬ್ಬರಿಗಾದರೂ ಹೇಳಿ.

ಕೊನೆಗೆ ನಿಮ್ಮ ಕಾಯಿಯ ಪ್ರಶ್ನೆ. ನಿಮ್ಮ ಎಲ್‌ಡಿಎಲ್ ನೋಡಿದರೆ ಮನೆಯವರಿಗೆಲ್ಲ ಮಾಡುವ ಸಾರಿಗೆ ಸ್ವಲ್ಪ ಕಾಯಿ ಬೀಸಿ ಹಾಕಬಹುದು, ಕಾಯಿಹಾಲನ್ನೂ ಕೊಬ್ಬರಿ ಎಣ್ಣೆಯನ್ನೂ ದಿನವೂ ಬೇಡ. ಬಂಗಡೆ, ತಾರ್ಲೆಯಂಥ ಎಣ್ಣೆಮೀನಿನ ಕೊಬ್ಬು ಟ್ರೈಗ್ಲಿಸರೈಡಿಗೆ ಒಳ್ಳೆಯದೇ, ವಾರಕ್ಕೆ ಎರಡು ಸಲ ಸಾರು ಮಾಡಿ ತಿನ್ನಿ. ಬಿಡಬೇಕಾದದ್ದು ಹನ್ನೊಂದು ಗಂಟೆಯ ಬೆಲ್ಲದ ಅವಲಕ್ಕಿಯನ್ನು. ಆ ಹೊತ್ತಿನ ಹಸಿವಿಗೆ ಬೇಯಿಸಿದ ಹೆಸರುಕಾಳು ಅಥವಾ ಒಂದು ಲೋಟ ಸಕ್ಕರೆಯಿಲ್ಲದ ಮಜ್ಜಿಗೆ ಇರಲಿ.