ಕಿರಾಣಿ ಅಂಗಡಿ ಬಿಲ್ಲಿಂಗ್: ಐಟಂ ಪಟ್ಟಿ ತುಂಬುವಾಗ ಎಡವುವ ಜಾಗಗಳು

ಸಾಫ್ಟ್‌ವೇರ್ ಯಾವುದೇ ಇರಲಿ, ಆಮೇಲೆ ಬರುವ ತಲೆನೋವು ಬಹುಪಾಲು ಹುಟ್ಟುವುದು ಐಟಂ ಪಟ್ಟಿ ತುಂಬುವಾಗಲೇ. ಆದ್ದರಿಂದ ಈ ಟಿಪ್ಪಣಿ ಪೂರ್ತಿ ಅದರ ಬಗ್ಗೆ. ಜಿಎಸ್‌ಟಿ ನೋಂದಣಿ ಇದ್ದು, ಕಾಂಪೋಸಿಷನ್ ಅಲ್ಲದ ಅಂಗಡಿ ಎಂದುಕೊಳ್ಳಿ. (ಕಾಂಪೋಸಿಷನ್‌ನಲ್ಲಿದ್ದರೆ ಬಿಲ್ಲಿನಲ್ಲಿ ತೆರಿಗೆಯನ್ನು ಬೇರೆಯಾಗಿ ವಸೂಲಿ ಮಾಡುವಂತಿಲ್ಲ.)

ಮೊದಲು ಅಳತೆ. ಅಕ್ಕಿ ಬರುವುದು 26 ಕೆಜಿ ಮೂಟೆಯಲ್ಲಿ, ಹೋಗುವುದು ಕೆಜಿ ಲೆಕ್ಕದಲ್ಲಿ. ಮೂಲ ಯೂನಿಟ್ ಕೆಜಿ ಇರಲಿ, ಖರೀದಿ ಯೂನಿಟ್ ಮೂಟೆ, 1 ಮೂಟೆ = 26 ಕೆಜಿ. ಇದನ್ನು ಬಿಟ್ಟು ಖರೀದಿಯಲ್ಲಿ ಬರೀ 1 ಎಂದು ಹಾಕಿದರೆ, 3 ಕೆಜಿ ಮಾರಿದ ಕೂಡಲೇ ಸ್ಟಾಕ್ -2 ತೋರಿಸುತ್ತದೆ. ಮೈನಸ್ ಸ್ಟಾಕ್ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ. ಕೆಜಿಗೆ ದಶಮಾಂಶ 3 ಸ್ಥಾನ ಕೊಡಿ. ಇಲ್ಲದಿದ್ದರೆ ಕಾಲು ಕೆಜಿಯ 0.250 ಸರಿಯಾಗಿ ದಾಖಲಾಗುವುದಿಲ್ಲ. ಆರಂಭದ ಸ್ಟಾಕನ್ನು ರಾತ್ರಿ ಬಾಗಿಲು ಹಾಕಿದ ಮೇಲೆ ಎಣಿಸಿ, ಬೆಳಗಿನ ಮೊದಲ ಬಿಲ್ಲಿಗೆ ಮುಂಚೆ ತುಂಬಿಸಿ.

ಅದೇ ಅಕ್ಕಿಗೆ ಎರಡು ಐಟಂ ಬೇಕು. ಗಿರಾಕಿ ಎದುರಿಗೇ ತೂಗಿ ಕೊಡುವ ಬಿಡಿ ಅಕ್ಕಿಗೆ ತೆರಿಗೆ ಇಲ್ಲ. ಲೇಬಲ್ ಹಾಕಿ ಪ್ಯಾಕ್ ಆಗಿ ಬರುವ 25 ಕೆಜಿವರೆಗಿನ ಅಕ್ಕಿಗೆ 2022ರ ಜುಲೈ 18ರಿಂದ ಶೇ. 5. ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಿದರೆ ತಿಂಗಳ ಕೊನೆಯಲ್ಲಿ ರಿಟರ್ನ್ ತಪ್ಪುತ್ತದೆ.

ಎಂಆರ್‌ಪಿ ಇರುವ ಸಾಮಾನಿಗೆ ಬೆಲೆಯನ್ನು "ತೆರಿಗೆ ಸೇರಿ" ಎಂದೇ ಗುರುತಿಸಿ. 42 ರೂಪಾಯಿಯ ಸ್ನಾನದ ಸೋಪಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ದರ:

```
42 × 100 / 105 = 40.00
CGST 1.00 + SGST 1.00
```

"ತೆರಿಗೆ ಬೇರೆ" ಎಂದು ಬಿಟ್ಟರೆ ಬಿಲ್ 44.10 ಆಗುತ್ತದೆ. ಎಂಆರ್‌ಪಿಗಿಂತ ಹೆಚ್ಚು ವಸೂಲಿ ಮಾಡುವುದು ಕಾನೂನಿನ ಪ್ರಕಾರ ತಪ್ಪು, ಗಿರಾಕಿಗೆ ಅನ್ಯಾಯ ಕೂಡ. ಹಾಗಾಗಿ ಪ್ರತಿ ದರಕ್ಕೂ ಒಂದೊಂದು ಸಾಮಾನಿನ ಪರೀಕ್ಷಾ ಬಿಲ್ ಮಾಡಿ, ಮೊತ್ತ ಎಂಆರ್‌ಪಿಗೆ ಸರಿಹೊಂದುತ್ತದೆಯೇ ನೋಡಿ.

ಇನ್ನು ಬಾರ್‌ಕೋಡ್. ಸ್ಕ್ಯಾನರ್ ಕಂಪ್ಯೂಟರಿಗೆ ಕೀಬೋರ್ಡ್ ಇದ್ದಂತೆ. ನೋಟ್‌ಪ್ಯಾಡ್ ತೆರೆದು ಒಂದು ಬಿಸ್ಕೆಟ್ ಪೊಟ್ಟಣ ಸ್ಕ್ಯಾನ್ ಮಾಡಿ: ಸಾಮಾನ್ಯವಾಗಿ 890ರಿಂದ ಶುರುವಾಗುವ 13 ಅಂಕಿ ಬಿದ್ದು, ಕರ್ಸರ್ ಕೆಳಗಿನ ಸಾಲಿಗೆ ಇಳಿಯಬೇಕು. ಇಳಿಯದಿದ್ದರೆ ಸ್ಕ್ಯಾನರಿನ ಕೈಪಿಡಿಯಲ್ಲಿರುವ ಎಂಟರ್ ಸಫಿಕ್ಸ್ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿ.

ದೊಡ್ಡ ಅನಾಹುತ ಆಗುವುದು ಎಕ್ಸೆಲ್‌ನಲ್ಲಿ. ಪಟ್ಟಿಯನ್ನು ಅಲ್ಲಿ ತಯಾರಿಸುವಾಗ ಬಾರ್‌ಕೋಡ್ ಕಾಲಂ `General` ಫಾರ್ಮ್ಯಾಟ್‌ನಲ್ಲೇ ಇದ್ದರೆ 13 ಅಂಕಿ `8.90E+12` ಎಂದು ಕಾಣುತ್ತದೆ. ಹಾಗೇ ಸಿಎಸ್‌ವಿಯಾಗಿ ಉಳಿಸಿದರೆ ಫೈಲಿಗೆ ಹೋಗುವುದೂ ಅದೇ. ನಿಜವಾದ ಅಂಕಿಗಳು ಮತ್ತೆ ಸಿಗುವುದಿಲ್ಲ. ನೂರಾರು ಸಾಮಾನಿಗೆ ಒಂದೇ ಕೋಡ್ ಆಗಿ, ಇಂಪೋರ್ಟ್ ಮಾಡುವಾಗ ಡುಪ್ಲಿಕೇಟ್ ಎಂಬ ದೂರು ಬರುತ್ತದೆ. ಸ್ಕ್ಯಾನ್ ಶುರು ಮಾಡುವ ಮೊದಲೇ ಆ ಕಾಲಂಗೆ `Text` ಫಾರ್ಮ್ಯಾಟ್ ಕೊಡಿ. ಉಳಿಸಿದ ಸಿಎಸ್‌ವಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಎಕ್ಸೆಲ್‌ನಲ್ಲಿ ಮತ್ತೆ ತೆರೆಯಬೇಡಿ.

ಬೆಲೆ ಬದಲಾದರೂ ಬಾರ್‌ಕೋಡ್ ಹಳೆಯದೇ ಇರುವುದುಂಟು. ಎಂಆರ್‌ಪಿವಾರು ಬ್ಯಾಚ್ ಆಯ್ಕೆ ಆನ್ ಮಾಡಿದ್ದರೆ, ಸ್ಕ್ಯಾನ್ ಮಾಡಿದಾಗ ಹಳೆಯದು, ಹೊಸದು ಎರಡೂ ಬೆಲೆ ತೋರಿಸುತ್ತದೆ. ಪೊಟ್ಟಣದ ಮೇಲಿರುವುದನ್ನು ಆರಿಸಿ.